ಒಂದು ಯಂತ್ರ, ಒಂದು ಕೈಪಿಡಿ: ಪೇಟೆಂಟ್ ಎಲ್ಲಿ ನಿಲ್ಲುತ್ತದೆ, ಕೃತಿಸ್ವಾಮ್ಯ ಎಲ್ಲಿ ತೊಡಗುತ್ತದೆ

ಮಾನ್ಯ ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಬೌದ್ಧಿಕ ಆಸ್ತಿಯ ಬಗ್ಗೆ ನನಗೆ ಬರುವ ಪ್ರಶ್ನೆಗಳು ಬಹುಪಾಲು ಒಂದೇ ಸಾಲಿನವು. "ಸರ್, ನನ್ನ ಐಡಿಯಾಗೆ ಕಾಪಿರೈಟ್ ಮಾಡಿಸಬಹುದೇ?" ಎಂದು ಕೇಳುತ್ತಾರೆ. ಪ್ರಶ್ನೆ ಚಿಕ್ಕದಾದರೂ ಅದರೊಳಗೆ ಎರಡು ಬೇರೆ ಬೇರೆ ಕಾನೂನುಗಳು ಬೆರೆತುಹೋಗಿರುತ್ತವೆ. ಅವನ್ನು ಬಿಡಿಸಿ ನೋಡಲು ನಾನು ಇಂದು ಒಂದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಉದಾಹರಣೆ ಕಲ್ಪಿತವಾದರೂ ಮಲೆನಾಡಿನಿಂದ ಬಂದವರಿಗೆ ಹೊಸದೆನಿಸಲಾರದು.

ತೀರ್ಥಹಳ್ಳಿಯ ಕಡೆಯ ಒಬ್ಬ ಯುವಕ ಹಸಿ ಅಡಿಕೆ ಸುಲಿಯುವ ಯಂತ್ರವೊಂದನ್ನು ಕಟ್ಟಿದ್ದಾನೆ ಎಂದುಕೊಳ್ಳೋಣ. ಅದರ ಜೊತೆಗೆ ಬಳಕೆಯ ಕೈಪಿಡಿಯೊಂದನ್ನು ಬರೆದಿದ್ದಾನೆ, ಬಿಡಿಭಾಗಗಳ ನಕ್ಷೆಗಳನ್ನು ಬಿಡಿಸಿದ್ದಾನೆ, ಸುಲಿದ ತೂಕದ ಲೆಕ್ಕವಿಡಲು ಮೊಬೈಲ್ ಆ್ಯಪ್ ಕೂಡ ಮಾಡಿದ್ದಾನೆ. ಇವೆಲ್ಲವೂ ಅವನದೇ ದುಡಿಮೆ. ಆದರೆ ಕಾನೂನು ಕೇಳುವುದು ದುಡಿಮೆ ಯಾರದೆಂದು ಮಾತ್ರವಲ್ಲ. ಆ ದುಡಿಮೆಯಿಂದ ಹುಟ್ಟಿದ್ದು ಕೆಲಸ ಮಾಡುವ ವಸ್ತುವೋ ಅಥವಾ ಅಭಿವ್ಯಕ್ತಿಯೋ ಎಂಬುದನ್ನೂ ಕೇಳುತ್ತದೆ.

ಮೊದಲು ಯಂತ್ರವನ್ನು ನೋಡೋಣ. 1970ರ ಪೇಟೆಂಟ್ ಕಾಯಿದೆಯ ಪ್ರಕಾರ ಆವಿಷ್ಕಾರವು ಹೊಸದಾಗಿರಬೇಕು, ಆ ಕ್ಷೇತ್ರದ ಕುಶಲಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು ಮತ್ತು ಉದ್ಯಮದಲ್ಲಿ ಬಳಕೆಗೆ ಬರುವಂತಿರಬೇಕು. ಸುಲಿಯುವ ಯಂತ್ರಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇರುವುದರಿಂದ "ಅಡಿಕೆ ಸುಲಿಯುವ ಯಂತ್ರ" ಎಂಬಷ್ಟಕ್ಕೇ ಪೇಟೆಂಟ್ ಸಿಗದು. ಇದ್ದ ಮೋಟರು, ಇದ್ದ ಬ್ಲೇಡು, ಇದ್ದ ರೋಲರುಗಳನ್ನು ಒಂದೇ ಚೌಕಟ್ಟಿಗೆ ಕೂರಿಸಿ, ಪ್ರತಿಯೊಂದೂ ಮೊದಲಿನಂತೆಯೇ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ, ಅದು ತಿಳಿದಿರುವ ಸಾಧನಗಳ ಬರಿಯ ಮರುಜೋಡಣೆ. ಕಾಯಿದೆಯ ಸೆಕ್ಷನ್ 3(ಎಫ್) ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಆದರೆ ನಮ್ಮ ಯುವಕ ರೋಲರಿಗೆ ಸ್ಪ್ರಿಂಗ್ ಅಳವಡಿಸಿ, ಕಾಯಿಯ ಗಾತ್ರ ಹೆಚ್ಚು ಕಡಿಮೆಯಾದಂತೆ ಬ್ಲೇಡಿನ ಅಂತರ ತಾನಾಗಿಯೇ ಹೊಂದಿಕೊಂಡು ಒಳಗಿನ ಅಡಿಕೆಗೆ ಗೀರು ಬೀಳದಂತೆ ಮಾಡಿದ್ದಾನೆ, ಮತ್ತು ಇಂಥ ಏರ್ಪಾಡು ಹಿಂದಿನ ಯಾವ ಯಂತ್ರದಲ್ಲೂ, ಯಾವ ಪ್ರಕಟಿತ ದಾಖಲೆಯಲ್ಲೂ ಇಲ್ಲ ಎಂದಾದರೆ, ಆಗ ಪೇಟೆಂಟಿನ ಮಾತಿಗೆ ನಿಜವಾದ ಆಧಾರ ದೊರೆಯುತ್ತದೆ. ಅವನು ಹಕ್ಕು ಕೇಳಬೇಕಾದದ್ದು ಆ ಏರ್ಪಾಡಿನ ಮೇಲೆ. ಅರ್ಜಿಯ ಕೊನೆಯಲ್ಲಿ ಬರೆಯುವ ಕ್ಲೇಮುಗಳು ಹೊಲದ ಬೇಲಿಯಿದ್ದಂತೆ. ಬೇಲಿಯನ್ನು ತೀರ ಅಗಲವಾಗಿ ಹಾಕಿದರೆ ಹಳೆಯ ಯಂತ್ರಗಳೂ ಅದರೊಳಗೆ ಬಂದು ಹೊಸತನವೇ ಕಳೆದುಹೋಗುತ್ತದೆ. ಒಂದು ನಿರ್ದಿಷ್ಟ ಸ್ಪ್ರಿಂಗಿನ ಅಳತೆಗೇ ಕಟ್ಟಿಹಾಕಿದರೆ ಪಕ್ಕದ ವರ್ಕ್‌ಶಾಪಿನವನು ಸ್ಪ್ರಿಂಗ್ ಬದಲಿಸಿ ಸಲೀಸಾಗಿ ದಾಟಿಹೋಗುತ್ತಾನೆ.

ಸುಲಿದ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುವ ಪದ್ಧತಿಯನ್ನೂ ಅವನು ಅರ್ಜಿಯಲ್ಲಿ ಸೇರಿಸಲು ಬಯಸಬಹುದು. ಅದು ತಲೆಮಾರುಗಳಿಂದ ಬಂದ ಪಾರಂಪರಿಕ ಜ್ಞಾನವಾದ್ದರಿಂದ ಸೆಕ್ಷನ್ 3(ಪಿ) ಬಾಗಿಲು ಮುಚ್ಚುತ್ತದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಪ್ರಶ್ನಿಸಿ, 1997ರಲ್ಲಿ ರದ್ದು ಮಾಡಿಸಿದ್ದೂ ಇದೇ ತರ್ಕದ ಮೇಲೆ: ಅದು ಹೊಸದಾಗಿರಲಿಲ್ಲ.

ಇನ್ನು ಕೈಪಿಡಿ. ಗೊಂದಲ ಹುಟ್ಟುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೈಪಿಡಿಯ ಬರಹವು ಸಾಹಿತ್ಯಕೃತಿ, ಅದರ ಚಿತ್ರಗಳು ಕಲಾಕೃತಿ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ವ್ಯಾಜ್ಯ ಬಂದಾಗ ಅದು ಸಾಕ್ಷ್ಯವಾಗಿ ನೆರವಾಗುತ್ತದೆ, ಅಷ್ಟೆ. ಲೇಖಕನ ಜೀವಿತಾವಧಿಯ ನಂತರವೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಪೇಟೆಂಟಿಗೆ ಇರುವುದು ಅರ್ಜಿಯ ದಿನಾಂಕದಿಂದ 20 ವರ್ಷ, ಅದೂ ನವೀಕರಣ ಶುಲ್ಕ ಕಟ್ಟುತ್ತಿದ್ದರೆ ಮಾತ್ರ. ಇದನ್ನು ಕೇಳಿದವರು "ಹಾಗಾದರೆ ಯಂತ್ರವನ್ನೂ ಕೈಪಿಡಿಯಲ್ಲೇ ವಿವರಿಸಿಬಿಟ್ಟರೆ ಮೊಮ್ಮಕ್ಕಳ ಕಾಲದವರೆಗೂ ರಕ್ಷಣೆ ಸಿಕ್ಕಿತಲ್ಲ" ಎನ್ನುತ್ತಾರೆ. ಜಾಣತನವೇನೋ ಹೌದು, ಆದರೆ ಅದು ನಡೆಯುವುದಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ 1879ರಲ್ಲೇ ಬೇಕರ್ ವಿರುದ್ಧ ಸೆಲ್ಡನ್ ಪ್ರಕರಣದಲ್ಲಿ ಇದನ್ನು ಇತ್ಯರ್ಥಪಡಿಸಿತು. ಸೆಲ್ಡನ್ ಹೊಸದೊಂದು ಲೆಕ್ಕಪತ್ರ ಪದ್ಧತಿಯನ್ನು ಪುಸ್ತಕದಲ್ಲಿ ವಿವರಿಸಿ, ಅದಕ್ಕೆ ಬೇಕಾದ ಖಾಲಿ ನಮೂನೆಗಳನ್ನು ಜೊತೆಗಿಟ್ಟಿದ್ದ. ಬೇಕರ್ ಅಂಥವೇ ನಮೂನೆಗಳನ್ನು ಸ್ವಲ್ಪ ಬದಲಿಸಿ ಬಳಸಿದ. ಪುಸ್ತಕದ ವಿವರಣೆಗೆ ಕೃತಿಸ್ವಾಮ್ಯವುಂಟು, ಪದ್ಧತಿಗೆ ಇಲ್ಲ. ಪದ್ಧತಿಯನ್ನು ಒಬ್ಬನದೇ ಆಗಿಸಬೇಕಿದ್ದರೆ ದಾರಿ ಪೇಟೆಂಟಿನದು ಎಂದಿತು ನ್ಯಾಯಾಲಯ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ, ನಾಟಕ ಮತ್ತು ಚಲನಚಿತ್ರದ ವ್ಯಾಜ್ಯವೊಂದರ ಸಂದರ್ಭದಲ್ಲಿ, ವಿಚಾರಕ್ಕೂ ವಸ್ತುವಿಗೂ ಕೃತಿಸ್ವಾಮ್ಯವಿಲ್ಲ, ಅವನ್ನು ಹೇಳಿದ ರೀತಿಗೆ ಮಾತ್ರ ಉಂಟು ಎಂದು ಸ್ಪಷ್ಟಪಡಿಸಿತು.

ಯಂತ್ರದ ನಕ್ಷೆಗಳ ವಿಷಯದಲ್ಲಿ ನಮ್ಮ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯುವಕನ ನಕ್ಷೆಯನ್ನು ಯಾರಾದರೂ ಅನುಮತಿಯಿಲ್ಲದೆ ಜೆರಾಕ್ಸ್ ಮಾಡಿ ಮಾರಿದರೆ ಅದು ಉಲ್ಲಂಘನೆ. ಆದರೆ ಅದೇ ನಕ್ಷೆಯನ್ನು ನೋಡಿ, ಉಪಯುಕ್ತ ಸಾಧನವೊಂದರ ಕೇವಲ ಕಾರ್ಯಕ್ಕೆ ಸಂಬಂಧಿಸಿದ ಭಾಗವನ್ನು ಉದ್ಯಮಕ್ಕಾಗಿ ತಯಾರಿಸಿದರೆ ಸೆಕ್ಷನ್ 52ರ ಪ್ರಕಾರ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಕಬ್ಬಿಣದ ಬ್ಲೇಡನ್ನು ಕಾಗದದ ಹಕ್ಕು ಕಾಯುವುದಿಲ್ಲ. ಯಂತ್ರದ ಹೊರಕವಚಕ್ಕೆ ಕಣ್ಣಿಗೆ ಹಿತವಾದ ವಿಶಿಷ್ಟ ಆಕಾರವಿದ್ದರೆ ಅದಕ್ಕೆ 2000ದ ವಿನ್ಯಾಸ ಕಾಯಿದೆಯ ನೋಂದಣಿಯುಂಟು. ಆದರೆ ಹಾಗೆ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಅಳವಡಿಸಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಆ ವಿನ್ಯಾಸದ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ.

ಆ್ಯಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಕೋಡ್ ಸಾಹಿತ್ಯಕೃತಿ ಎಂದೇ ಪರಿಗಣಿತ. ಕಂಪ್ಯೂಟರ್ ಪ್ರೋಗ್ರಾಮು ತನ್ನಷ್ಟಕ್ಕೇ ಪೇಟೆಂಟಿಗೆ ಅರ್ಹವಲ್ಲ ಎಂದು ಸೆಕ್ಷನ್ 3(ಕೆ) ಹೇಳುತ್ತದೆ. ಪ್ರೋಗ್ರಾಮು ಯಂತ್ರದಲ್ಲಿ ತಾಂತ್ರಿಕ ಪರಿಣಾಮವನ್ನು ಉಂಟುಮಾಡುತ್ತಿದ್ದರೆ ಮಾತು ಬೇರೆ ಎಂಬುದನ್ನು ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಒತ್ತಿ ಹೇಳಿತು. ತೂಕ ಕೂಡುವ ಆ್ಯಪ್ ಆ ಮಟ್ಟಕ್ಕೆ ಏರಲಾರದು.

ಕೊನೆಯದಾಗಿ ದಿನಾಂಕದ ವಿಷಯ. ನಾನು ಕಂಡಂತೆ ಹೆಚ್ಚು ಅರ್ಜಿಗಳು ಕೆಡುವುದು ಇಲ್ಲಿಯೇ. ಕೃತಿಸ್ವಾಮ್ಯಕ್ಕೆ ಪ್ರಕಟಣೆಯಿಂದ ತೊಂದರೆಯಿಲ್ಲ. ಪೇಟೆಂಟಿಗೆ ಅರ್ಜಿಗೆ ಮುಂಚಿನ ಪ್ರಕಟಣೆಯೇ ಮೃತ್ಯು. ಯಂತ್ರ ಓಡುವುದನ್ನು ಹೆಮ್ಮೆಯಿಂದ ಯೂಟ್ಯೂಬಿಗೆ ಹಾಕಿ, ಸ್ಪ್ರಿಂಗಿನ ಏರ್ಪಾಡು ನೋಡುವವರಿಗೆ ತಿಳಿಯುವಂತಿದ್ದರೆ, ಆ ದಿನದಿಂದ ಅದು ಹೊಸದಲ್ಲ. ವಸ್ತುಪ್ರದರ್ಶನದಲ್ಲಿ ತೋರಿಸಿದವರಿಗೆ ಸೆಕ್ಷನ್ 31ರಲ್ಲಿ 12 ತಿಂಗಳ ವಿನಾಯಿತಿ ಇದೆಯಾದರೂ, ಅದು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ. ಊರಿನ ಪ್ರತಿಯೊಂದು ಕೃಷಿಮೇಳಕ್ಕೂ ಅನ್ವಯಿಸುವಂಥದ್ದಲ್ಲ. ಯಂತ್ರ ಇನ್ನೂ ಪೂರ್ತಿಯಾಗಿಲ್ಲದಿದ್ದರೆ ಪ್ರೊವಿಷನಲ್ ಸ್ಪೆಸಿಫಿಕೇಷನ್ ಸಲ್ಲಿಸಿ ಆ ದಿನಾಂಕವನ್ನು ಹಿಡಿದಿಟ್ಟುಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದವರಿಗೆ ಸಂಬಂಧಿಸಿದ ಪೇಟೆಂಟ್ ಕಚೇರಿ ಚೆನ್ನೈಯದು, ಸಲ್ಲಿಕೆ ಆನ್‌ಲೈನಿನಲ್ಲೇ ಆಗುತ್ತದೆ.

ವಿಡಿಯೋ ಹಾಕಿ ಆಗಿಹೋಗಿದ್ದರೆ? ಅದನ್ನು ಅಳಿಸಿದರೂ ಪ್ರಕಟಣೆ ಪ್ರಕಟಣೆಯೇ. ಆಗ ಉಳಿಯುವುದು ವಿಡಿಯೋದ ನಂತರ ಅವನು ಮಾಡಿದ ಸುಧಾರಣೆ ಮಾತ್ರ: ಉದಾಹರಣೆಗೆ, ನಾರು ಸಿಕ್ಕಿಕೊಂಡಾಗ ರೋಲರು ತಾನಾಗಿ ಹಿಂದಕ್ಕೆ ತಿರುಗುವ ಏರ್ಪಾಡು. ಅದು ಆ ವಿಡಿಯೋದಲ್ಲಿಲ್ಲದೆ, ಅದನ್ನು ನೋಡಿದ ಕುಶಲಿಗೆ ಸುಲಭವಾಗಿ ಹೊಳೆಯುವಂಥದ್ದೂ ಅಲ್ಲವಾದರೆ, ಆ ಒಂದು ಭಾಗಕ್ಕೆ ಅವನು ಇನ್ನೂ ಅರ್ಜಿ ಹಾಕಬಹುದು.