N₂O: ಆಕ್ಸಿಜನ್ ಯಾಕೆ ಮಧ್ಯದಲ್ಲಿಲ್ಲ?

ನಮಸ್ಕಾರ. H₂O ಬಿಡಿಸಿ ಅಂದರೆ ಆಕ್ಸಿಜನ್ ಮಧ್ಯೆ, ಅಕ್ಕಪಕ್ಕ ಹೈಡ್ರೋಜನ್. ಅದೇ ಅಭ್ಯಾಸದಲ್ಲಿ ತುಂಬಾ ಜನ N₂O ಅನ್ನೂ N–O–N ಅಂತ ಬರೆದುಬಿಡುತ್ತಾರೆ. ಇದು ನೈಟ್ರಸ್ ಆಕ್ಸೈಡ್, ಹಲ್ಲಿನ ಡಾಕ್ಟರು ಬಳಸುವ ನಗೆ ಅನಿಲ. ಇದರ ನಿಜವಾದ ಜೋಡಣೆ N–N–O. ಯಾಕೆ ಅಂತ ಚುಕ್ಕಿ ಹಾಕಿಯೇ ನೋಡೋಣ.

[ಪರದೆಯಲ್ಲಿ: 5 + 5 + 6 = 16]

ಮೊದಲು ವೇಲೆನ್ಸ್ ಎಲೆಕ್ಟ್ರಾನ್, ಅಂದರೆ ಹೊರಕವಚದ ಎಲೆಕ್ಟ್ರಾನ್ ಎಣಿಸಿ; ಒಂದೊಂದಕ್ಕೂ ಒಂದು ಚುಕ್ಕಿ. ನೈಟ್ರೋಜನ್‌ಗೆ 5, ಆಕ್ಸಿಜನ್‌ಗೆ 6. ಒಟ್ಟು 16. ಕೊನೆಯ ಚಿತ್ರದಲ್ಲೂ ಸರಿಯಾಗಿ 16 ಇರಬೇಕು, ಒಂದೂ ಜಾಸ್ತಿ ಕಮ್ಮಿ ಆಗಬಾರದು.

N–N–O ಅಂತ ಬರೆದಾಗ ಎರಡು ಬಾಂಡ್‌ಗೆ 4 ಖರ್ಚಾಯಿತು. ಉಳಿದ 12 ಅನ್ನು ಎರಡು ತುದಿಗಳಿಗೆ ಆರಾರು ಹಂಚಿ. ಪ್ರತಿ ಪರಮಾಣುವಿನ ಸುತ್ತ ಎಂಟು ಇರಬೇಕು ಅನ್ನುವುದು ಎಂಟರ ನಿಯಮ; ತುದಿಗಳಿಗೆ ಎಂಟೆಂಟು ಆಯಿತು. ಆದರೆ ಮಧ್ಯದ ನೈಟ್ರೋಜನ್ ಹತ್ತಿರ ನಾಲ್ಕೇ ಇವೆ, ಅಲ್ವಾ? ಹೊಸ ಚುಕ್ಕಿ ತರುವಂತಿಲ್ಲ. ಹಾಗಾಗಿ ತುದಿಗಳ ಲೋನ್ ಪೇರ್‌ಗಳಲ್ಲಿ, ಅಂದರೆ ಬಾಂಡ್‌ಗೆ ಸೇರದ ಚುಕ್ಕಿ ಜೋಡಿಗಳಲ್ಲಿ, ಎರಡನ್ನು ಬಾಂಡ್ ಮಾಡಬೇಕು. ಎರಡೂ ಕಡೆಯಿಂದ ಒಂದೊಂದು ತಂದರೆ N=N=O. ಎರಡನ್ನೂ ನೈಟ್ರೋಜನ್‌ನಿಂದಲೇ ತಂದರೆ N≡N–O. ಆಕ್ಸಿಜನ್‌ನಿಂದಲೇ ತಂದರೆ N–N≡O.

ಮೂರರಲ್ಲೂ ಎಲ್ಲರಿಗೂ ಎಂಟು ಸಿಗುತ್ತದೆ. ತಪ್ಪಾದ N=O=N ಬರೆದರೂ ಸಿಗುತ್ತದೆ! ಅಂದರೆ ಎಂಟರ ನಿಯಮ ಒಂದೇ ಇಲ್ಲಿ ಸಾಲದು. ಫಾರ್ಮಲ್ ಚಾರ್ಜ್ ಬೇಕಾಗುವುದು ಇಲ್ಲಿಯೇ.

[ಪರದೆಯಲ್ಲಿ: ಫಾರ್ಮಲ್ ಚಾರ್ಜ್ = ವೇಲೆನ್ಸ್ ಎಲೆಕ್ಟ್ರಾನ್ − ಲೋನ್ ಪೇರ್ ಚುಕ್ಕಿಗಳು − ಬಾಂಡ್‌ಗಳ ಸಂಖ್ಯೆ]

N=O=N ತೆಗೆದುಕೊಳ್ಳಿ. ಮಧ್ಯದ ಆಕ್ಸಿಜನ್‌ಗೆ ಲೋನ್ ಪೇರ್ ಇಲ್ಲ, ಬಾಂಡ್ 4. 6 − 0 − 4 = +2. ತುದಿಯ ಎರಡೂ ನೈಟ್ರೋಜನ್‌ಗೆ 5 − 4 − 2 = −1. ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಹೆಚ್ಚು ಎಳೆಯುವ ಆಕ್ಸಿಜನ್ ಮೇಲೆಯೇ +2! ಇದು ಒಪ್ಪುವ ಮಾತಲ್ಲ.

N≡N–O ನಲ್ಲಿ ಎಡದಿಂದ 0, +1, −1 ಬರುತ್ತದೆ. N=N=O ನಲ್ಲಿ −1, +1, 0. N–N≡O ನಲ್ಲಿ −2, +1, +1, ಅದನ್ನು ಬಿಟ್ಟುಬಿಡಿ. ಎಲ್ಲದರಲ್ಲೂ ಕೂಡಿದರೆ ಸೊನ್ನೆ ಬಂತು ನೋಡಿ. ಬರದಿದ್ದರೆ ಚುಕ್ಕಿ ಎಣಿಸುವುದರಲ್ಲೇ ಎಲ್ಲೋ ತಪ್ಪಿದೆ, ಮೊದಲು ಅದನ್ನು ಹುಡುಕಿ.

ಉಳಿದ ಎರಡರಲ್ಲಿ ಮೈನಸ್ ಆಕ್ಸಿಜನ್ ಮೇಲಿರುವ N≡N–O ಗೆ ತೂಕ ಜಾಸ್ತಿ. ಹಾಗಂತ ಇನ್ನೊಂದನ್ನು ಅಳಿಸಬೇಡಿ. ಅಣು ಇವೆರಡರ ಮಧ್ಯೆ ಹಾರಾಡುತ್ತಿರುವುದಿಲ್ಲ, ಸದಾ ಎರಡರ ಬೆರಕೆಯಾಗಿಯೇ ಇರುತ್ತದೆ. ಅಳತೆಯೂ ಅದನ್ನೇ ಹೇಳುತ್ತದೆ. N₂ ಅಣುವಿನ N≡N ಬಾಂಡ್ ಉದ್ದ ಸುಮಾರು 110 ಪಿಕೋಮೀಟರ್, ಸಾಮಾನ್ಯ N=N ಸುಮಾರು 125. ನಗೆ ಅನಿಲದಲ್ಲಿ ಎರಡು ನೈಟ್ರೋಜನ್‌ಗಳ ನಡುವಿನ ದೂರ ಸುಮಾರು 113.

ಒಂದು ಎಚ್ಚರಿಕೆ. ಈ +1, −1 ಪರಮಾಣುವಿನ ಮೇಲಿರುವ ನಿಜವಾದ ಚಾರ್ಜ್ ಅಲ್ಲ. ಬಾಂಡ್‌ನ ಎಲೆಕ್ಟ್ರಾನ್‌ಗಳನ್ನು ಸಮಪಾಲು ಹಂಚಿದ್ದೇವೆ ಅಂದುಕೊಂಡು ಹಾಕಿದ ಲೆಕ್ಕ ಅಷ್ಟೇ.

ಈಗ ನೀವೇ OCN⁻ ಬಿಡಿಸಿ. ಮೈನಸ್ ಇರುವುದರಿಂದ ಒಂದು ಎಲೆಕ್ಟ್ರಾನ್ ಸೇರಿಸಿ, ಮತ್ತೆ 16 ಬರುತ್ತದೆ. ಈ ಸಲ ಫಾರ್ಮಲ್ ಚಾರ್ಜ್‌ಗಳ ಮೊತ್ತ −1 ಆಗಬೇಕು. ಆ ಮೈನಸ್ ಯಾವ ಪರಮಾಣು ಮೇಲೆ ಕೂತಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ.