ಕಳೆದ ಬಾರಿ ಏನಾಯಿತು ಹೇಳಿ: ಆಡಿಟ್‌ ಸಂದರ್ಶನದ ಕುರಿತು ಒಂದು ಉಪನ್ಯಾಸ

ಸಭೆಗೆ ನಮಸ್ಕಾರ. ಇಲ್ಲಿರುವವರೆಲ್ಲ ಕ್ಷೇತ್ರಕಾರ್ಯ ಮಾಡಿದವರೇ ಆದ್ದರಿಂದ ಪೀಠಿಕೆಗೆ ಸಮಯ ಕಳೆಯುವುದಿಲ್ಲ. ಈಚೆಗೆ ಹಲವು ತಂಡಗಳ ಕಾರ್ಯಪತ್ರಗಳನ್ನು ಓದುವ ಅವಕಾಶ ಒದಗಿತು. ಅವುಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ‘ಸರಕು ಬಂದ ಕೂಡಲೇ ಎಣಿಸಲಾಗುತ್ತದೆ ಎಂದು ಸಿಬ್ಬಂದಿ ತಿಳಿಸಿದರು.’ ಈ ವಾಕ್ಯ ನನ್ನನ್ನು ಕಾಡುತ್ತಿದೆ. ಯಾರು ಎಣಿಸುತ್ತಾರೆ, ಯಾವಾಗ ಎಣಿಸುತ್ತಾರೆ, ಎಣಿಸಿದ್ದನ್ನು ಎಲ್ಲಿ ಬರೆಯುತ್ತಾರೆ ಎಂಬುದೊಂದೂ ಅದರಲ್ಲಿಲ್ಲ. ಇದು ನಿಯಮಾವಳಿಯ ಪುಸ್ತಕದಲ್ಲಿರುವ ಮಾತು. ಅದನ್ನು ತಿಳಿಯಲು ಸಂದರ್ಶನವೇ ಬೇಕಿರಲಿಲ್ಲ.

ಹೀಗಾಗುವುದಕ್ಕೆ ಕಾರಣ ನಾವು ಕೇಳುವ ಪ್ರಶ್ನೆ. ‘ಸರಕು ಬಂದಾಗ ಎಣಿಸುತ್ತೀರಾ?’ ಎಂದು ಕೇಳಿದರೆ ಸಿಗುವ ಉತ್ತರ ‘ಹೌದು’ ಒಂದೇ. ‘ಸರಕನ್ನು ಹೇಗೆ ಸ್ವೀಕರಿಸುತ್ತೀರಿ?’ ಎಂಬುದು ಮುಕ್ತ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅದಕ್ಕೂ ಹೇಗೆ ನಡೆಯಬೇಕೋ ಅದನ್ನೇ ಉತ್ತರವಾಗಿ ಹೇಳುತ್ತಾರೆ. ಸುಳ್ಳು ಹೇಳಬೇಕೆಂಬ ಉದ್ದೇಶ ಅವರಿಗಿರುವುದಿಲ್ಲ. ವಾಡಿಕೆಯ ಬಗ್ಗೆ ಕೇಳಿದಾಗ ಯಾರಿಗಾದರೂ ಮೊದಲು ನೆನಪಾಗುವುದು ನಿಯಮ. ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟು: ‘ಕಳೆದ ಬಾರಿ ಏನಾಯಿತು, ಮೊದಲಿನಿಂದ ಹೇಳಿ’ ಎಂದು ಕೇಳಬೇಕು.

ಒಂದು ಉಗ್ರಾಣದ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಲ್ಲಿ ನಾವು ಆಯ್ದುಕೊಂಡ ಒಂದು ಖರೀದಿಯ ಕಾಗದಪತ್ರಗಳು ಅಚ್ಚುಕಟ್ಟಾಗಿದ್ದವು. ಖರೀದಿ ಆದೇಶದಲ್ಲಿ 640 ಪೆಟ್ಟಿಗೆ, ಸರಕು ಸ್ವೀಕೃತಿ ಪತ್ರದಲ್ಲಿ 640, ಪೂರೈಕೆದಾರರ ಬಿಲ್ಲಿನಲ್ಲೂ 640. ಮೂರೂ ತಾಳೆಯಾದವು, ಹಣ ಸಂದಾಯವಾಗಿತ್ತು. ದಾಖಲೆ ನೋಡಿ ಎದ್ದು ಬರುವವರಿಗೆ ಅಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ನಾವು ಉಗ್ರಾಣದ ಮೇಲ್ವಿಚಾರಕರ ಬಳಿ ಹೋಗಿ, ಅವರ ಮೇಜಿನ ಪಕ್ಕದಲ್ಲೇ ಕುಳಿತು, ಬಂದ ಉದ್ದೇಶವನ್ನೂ ಟಿಪ್ಪಣಿ ಬರೆದುಕೊಳ್ಳುವ ಕಾರಣವನ್ನೂ ತಿಳಿಸಿ, ಆ ಸ್ವೀಕೃತಿ ಪತ್ರವನ್ನು ಮುಂದಿಟ್ಟು, ‘ಈ ಲಾರಿ ಗೇಟಿಗೆ ಬಂದಲ್ಲಿಂದ ಏನೇನಾಯಿತು ಹೇಳಿ’ ಎಂದು ಕೇಳಿದೆವು.

ಅವರು ಹೇಳತೊಡಗಿದರು. ಲಾರಿ ಬಂತು, ಚಾಲಕ ಚಲನ್ ಕೊಟ್ಟ, ತಾವು ಕಂಪ್ಯೂಟರಿನಲ್ಲಿ ನಮೂದಿಸಿದರು, ಆಮೇಲೆ ಸರಕು ಇಳಿಸಿದರು. ನಮ್ಮ ಸಹೋದ್ಯೋಗಿ ಅಲ್ಲಿ ಬಾಯಿ ಹಾಕಲಿಲ್ಲ; ಮಾತು ಮುಗಿದ ಮೇಲೂ ಒಂದೆರಡು ಕ್ಷಣ ಸುಮ್ಮನಿದ್ದು, ‘ನಮೂದಿಸುವಾಗ ನಿಮ್ಮ ಕೈಯಲ್ಲಿ ಯಾವ ಕಾಗದ ಇತ್ತು?’ ಎಂದಷ್ಟೇ ಕೇಳಿದರು. ‘ಚಲನ್’ ಎಂಬ ಉತ್ತರ ಬಂತು. ಅಂದರೆ ಪೂರೈಕೆದಾರರು ಬರೆದು ಕಳುಹಿಸಿದ ಸಂಖ್ಯೆಯೇ ಸ್ವೀಕೃತಿಯ ಸಂಖ್ಯೆಯಾಗಿತ್ತು. ಮೂರು ಕಾಗದಗಳು ತಾಳೆಯಾಗಿದ್ದು ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದರಿಂದ. ‘ಹೇಗೆ ಮಾಡುತ್ತೀರಿ’ ಎಂದು ಕೇಳಿದ್ದರೆ ಈ ಚಲನ್ ಹೊರಬರುತ್ತಿರಲಿಲ್ಲ. ‘ಆ ಲಾರಿಗೆ ಏನಾಯಿತು’ ಎಂದು ಕೇಳಿದ್ದರಿಂದ ಬಂತು.

ಇಲ್ಲಿಗೇ ನಿಲ್ಲಿಸುವಂತಿಲ್ಲ. ವಿಚಾರಣೆಯೊಂದೇ ಸಾಮಾನ್ಯವಾಗಿ ಸಾಕಷ್ಟು ಸಾಕ್ಷ್ಯವಾಗದು ಎಂಬುದನ್ನು ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡ 500 ಸ್ಪಷ್ಟವಾಗಿ ಹೇಳುತ್ತದೆ. ನಾವು ಗೇಟ್ ರಿಜಿಸ್ಟರ್ ತರಿಸಿದೆವು. ಲಾರಿ ಒಳಬಂದದ್ದು 11:40ಕ್ಕೆ, ಹೊರಹೋದದ್ದು 1:30ಕ್ಕೆ. ಕಂಪ್ಯೂಟರಿನಲ್ಲಿ ಸ್ವೀಕೃತಿ ದಾಖಲಾದದ್ದು 11:52ಕ್ಕೆ. ಹನ್ನೆರಡು ನಿಮಿಷದಲ್ಲಿ 640 ಪೆಟ್ಟಿಗೆಗಳನ್ನು ಇಳಿಸುವುದೂ ಸಾಧ್ಯವಿಲ್ಲ, ಎಣಿಸುವುದಂತೂ ದೂರದ ಮಾತು. ಸಂಜೆ ಸಹಾಯಕರು ಎಣಿಸಿ ಬರೆದಿಟ್ಟಿದ್ದ ಚೀಟಿ ಕಡತದಲ್ಲೇ ಇತ್ತು. ಅದರಲ್ಲಿ 632 ಎಂದಿತ್ತು. ಎಂಟು ಪೆಟ್ಟಿಗೆಗಳನ್ನು ಮುಂದಿನ ಲಾರಿಯಲ್ಲಿ ಕೊಡುವುದಾಗಿ ಪೂರೈಕೆದಾರರು ಬಾಯಿಮಾತಿನಲ್ಲಿ ಒಪ್ಪಿದ್ದರಂತೆ. ಸ್ವೀಕೃತಿ ಪತ್ರವನ್ನು ಯಾರೂ ತಿದ್ದಿರಲಿಲ್ಲ.

ಈ ಸಮಯಗಳನ್ನು ತೋರಿಸಿದ ಕೂಡಲೇ ಮೇಲ್ವಿಚಾರಕರ ಮುಖ ಬಿಗಿಯಿತು. ‘ಎಷ್ಟೋ ವರ್ಷಗಳಿಂದ ಹೀಗೇ ನಡೆದು ಬಂದಿದೆ, ಈಗೇನು ನನ್ನ ಮೇಲೆ ಅನುಮಾನವೇ?’ ಎಂದರು. ಇಂಥ ಹೊತ್ತಿನಲ್ಲಿ ನಮ್ಮವರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ವಾದಕ್ಕಿಳಿದು ನಿಯಮ ಓದಿ ಹೇಳುತ್ತಾರೆ. ಇನ್ನು ಕೆಲವರು ಸಮಾಧಾನಪಡಿಸುವ ಭರದಲ್ಲಿ ‘ಛೇ, ಇದು ವರದಿಗೆ ಬರುವುದಿಲ್ಲ ಬಿಡಿ’ ಎಂದುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳುವ ಅಧಿಕಾರ ನಮಗಿಲ್ಲ. ನಮ್ಮ ಸಹೋದ್ಯೋಗಿ ಹೇಳಿದ್ದು ಹೀಗೆ: ‘ಇವು ದಾಖಲೆಯಲ್ಲಿರುವ ಸಮಯಗಳು ಸಾರ್. ಇವು ಹೀಗಾಗಲು ಕಾರಣವೇನೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಲಾರಿ ನಿಂತಾಗ ನಿಮ್ಮ ಎದುರು ಏನೇನು ಕೆಲಸ ಇರುತ್ತದೆ?’ ಅವರು ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಲಿಲ್ಲ ಎಂಬುದನ್ನು ಗಮನಿಸಿ. ಆ ‘ಏಕೆ’ ಕಿವಿಗೆ ಬೀಳುವುದೇ ಆರೋಪವಾಗಿ, ಉತ್ತರವಾಗಿ ಬರುವುದು ಸಮರ್ಥನೆ. ‘ಆಗ ಏನಿತ್ತು’ ಎಂದರೆ ಸಂಗತಿ ಬರುತ್ತದೆ.

ಬಂತು ಕೂಡ. ಸ್ವೀಕೃತಿ ಪತ್ರ ಕೈಗೆ ಸಿಗುವವರೆಗೆ ಚಾಲಕರು ಲಾರಿ ತೆಗೆಯುವುದಿಲ್ಲ, ಹಿಂದೆ ಇನ್ನೆರಡು ಲಾರಿಗಳು ಸಾಲಿನಲ್ಲಿರುತ್ತವೆ, ಎಣಿಸಲು ಇರುವ ಒಬ್ಬರೇ ಸಹಾಯಕರಿಗೆ ಮಧ್ಯಾಹ್ನದವರೆಗೆ ಸರಕು ಹೊರಕೊಡುವ ಕೆಲಸವಿರುತ್ತದೆ. ಒಮ್ಮೆ ದಾಖಲಾದ ಸ್ವೀಕೃತಿಯನ್ನು ತಿದ್ದಲು ಇನ್ನೊಂದು ವಿಭಾಗದ ಅನುಮತಿ ಬೇಕು. ನ್ಯೂನತೆಯ ಮೂಲ ಕಾರಣ ಅಲ್ಲಿತ್ತು. ‘ಸಿಬ್ಬಂದಿ ಎಚ್ಚರ ವಹಿಸಬೇಕು’ ಎಂಬ ಸವಕಲು ಶಿಫಾರಸನ್ನು ಬಿಟ್ಟು, ಎಣಿಕೆಗೆ ಮುನ್ನ ಚಾಲಕರಿಗೆ ಸಂಖ್ಯೆಯಿಲ್ಲದ ಆಗಮನ ರಸೀದಿ ಮಾತ್ರ ಕೊಡುವುದು, ಎಣಿಕೆ ಚೀಟಿಯಿಂದಲೇ ಸ್ವೀಕೃತಿ ನಮೂದಿಸುವುದು ಎಂದು ಬರೆಯಲು ಸಾಧ್ಯವಾದದ್ದು ಆ ಉತ್ತರದಿಂದ.

ಆದರೆ ಒಂದು ಮಿತಿ ಇದೆ. ಉತ್ತರಗಳಲ್ಲಿ ವಂಚನೆಯ ಸುಳಿವು ಕಂಡರೆ ಪ್ರಶ್ನೆಗಳನ್ನು ಹರಿತಗೊಳಿಸಲು ಹೋಗಬೇಡಿ. ಸಂದರ್ಶನವನ್ನು ಸಹಜವಾಗಿ ಮುಗಿಸಿ, ತಂಡದ ಮುಖ್ಯಸ್ಥರಿಗೆ ತಿಳಿಸಿ. ಮುಂದಿನ ವಿಚಾರಣೆಯ ಕ್ರಮವೇ ಬೇರೆ.

ಸಮಯ ಮುಗಿಯುತ್ತ ಬಂದಿದೆ ಎಂದು ಸಂಘಟಕರು ಸೂಚಿಸುತ್ತಿದ್ದಾರೆ. ಟಿಪ್ಪಣಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪುಟವನ್ನು ಮೂರು ಪಾಲು ಮಾಡಿಕೊಳ್ಳಿ: ಅವರು ಹೇಳಿದ್ದು, ನಾವು ಕಣ್ಣಾರೆ ಕಂಡದ್ದು, ನಮಗನಿಸಿದ್ದು. ಮುಖ್ಯವಾದ ಮಾತನ್ನು ಅವರ ಪದಗಳಲ್ಲೇ ಬರೆಯಿರಿ. ‘ಚಲನ್ ನೋಡಿ ಹಾಕುತ್ತೇನೆ’ ಎಂದವರ ಮಾತು ‘ಪರಿಶೀಲಿಸದೆ ನಮೂದಿಸುತ್ತಾರೆ’ ಎಂದು ಬದಲಾದರೆ ನಮ್ಮ ತೀರ್ಮಾನ ಅವರ ಬಾಯಿಗೆ ತುರುಕಿದಂತೆ. ಇಬ್ಬರು ಹೋದರೆ ಒಬ್ಬರು ಕೇಳಲಿ, ಒಬ್ಬರು ಬರೆಯಲಿ. ಒಬ್ಬರೇ ಹೋದರೆ ಮೊದಲಿನಿಂದಲೂ ಒಂದೇ ಸಮನೆ ಬರೆಯುತ್ತಿರಿ. ಸೂಕ್ಷ್ಮವಾದ ಮಾತು ಬಂದಾಗಲಷ್ಟೇ ಪೆನ್ನು ಓಡಿದರೆ ಎದುರಿನವರು ಅದನ್ನು ಕಂಡು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ದಿನಾಂಕ, ಸಮಯ, ಹಾಜರಿದ್ದವರ ಹುದ್ದೆ ಮೊದಲ ಸಾಲಿನಲ್ಲೇ ಇರಲಿ, ಮತ್ತು ಅದೇ ದಿನ ಟಿಪ್ಪಣಿಯನ್ನು ಪೂರ್ಣಗೊಳಿಸಿ.

ಅಧಿಕಾರಿ ಪಕ್ಕದಲ್ಲಿ ಕುಳಿತು ಸಿಬ್ಬಂದಿಯ ಪರವಾಗಿ ಉತ್ತರಿಸುವ ಸಂದರ್ಭದ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೆ. ಈಗ ಇಷ್ಟೇ ಹೇಳಬಲ್ಲೆ: ಅವರ ಉತ್ತರವನ್ನು ಅವರ ಹೆಸರಿನಲ್ಲೇ ಬರೆದುಕೊಂಡು, ಕೆಲಸ ನಡೆಯುವ ಜಾಗವನ್ನು ತೋರಿಸುವಂತೆ ಸಿಬ್ಬಂದಿಯನ್ನು ಕೋರಿ, ಅವರೊಂದಿಗೆ ಎದ್ದು ನಡೆಯಿರಿ. ಹೊರಡುವ ಮುನ್ನ ಬರೆದುಕೊಂಡದ್ದನ್ನು ಅವರಿಗೆ ಓದಿ ಹೇಳಿ. ಆ ಉಗ್ರಾಣದಲ್ಲಿ ಹಾಗೆ ಓದಿದಾಗ ಮೇಲ್ವಿಚಾರಕರು ಒಂದು ತಿದ್ದುಪಡಿ ಸೂಚಿಸಿದರು: ಎಣಿಕೆ ಚೀಟಿ ಎಲ್ಲ ಲಾರಿಗಳಿಗೂ ಇರುವುದಿಲ್ಲ, ದೊಡ್ಡ ಲೋಡ್‌ಗಳಿಗೆ ಮಾತ್ರ. ಚೀಟಿಯೇ ಇಲ್ಲದ ಸಣ್ಣ ಲೋಡ್‌ಗಳಿಂದ ನಾವು ಮರುದಿನ ಹೊಸದಾಗಿ ಮಾದರಿಗಳನ್ನು ಆರಿಸಿಕೊಂಡೆವು.