ಪಂಪಿನ ಫೋಟೊ ಜೊತೆ ಹತ್ತು ರೂಪಾಯಿ ನಾಣ್ಯ

ಕೇಳುಗರಿಗೆಲ್ಲ ನಮಸ್ಕಾರ.

ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಮೊದಲ ಬೋರ್ಡೋ ಬೀಳಬೇಕು. ಮಲೆನಾಡಿನವರಿಗೂ ಕರಾವಳಿಯವರಿಗೂ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ಹೊಡೆಯುವ ಎಚ್‌ಟಿಪಿ ಪಂಪುಗಳು ಕೈಕೊಡುವುದೂ ಸರಿಯಾಗಿ ಅದೇ ಹೊತ್ತಿಗೆ. ಹೋದ ವರ್ಷ ಹೊಡೆದು, ಸುಮ್ನೆ ಮೂಲೆಗೆ ತಳ್ಳಿದ ಮಿಷನ್ನು. ಒಳಗೆ ಸುಣ್ಣ ಕಟ್ಟಿಕೊಂಡಿರುತ್ತದೆ, ವಾಷರ್ ಒಣಗಿರುತ್ತದೆ. ಬೆಲ್ಟ್ ಹಾಕಿ ಓಡಿಸಿದರೆ ಒತ್ತಡವೇ ಏರುವುದಿಲ್ಲ. ಆಗ ನನ್ನಂಥ ಸ್ಪೇರ್ ಅಂಗಡಿಯವರ ವಾಟ್ಸಾಪಿಗೆ ಫೋಟೊಗಳ ಮಳೆ ಶುರುವಾಗುತ್ತದೆ. "ಅಣ್ಣಾ, ಇದರ ವಾಷರ್ ಕಿಟ್ ಬಸ್ಸಿಗೆ ಹಾಕಿ ಕಳ್ಸಿ."

ಫೋಟೊದಲ್ಲಿ ಏನಿರುತ್ತದೆ? ಹತ್ತಡಿ ದೂರದಲ್ಲಿ ಒಂದು ಕೆಂಪು ಪಂಪು. ಪಕ್ಕದಲ್ಲಿ ಸುತ್ತಿಟ್ಟ ಓಸು. ಹಿಂದೆ ಮನೆಯ ನಾಯಿ. ಇಷ್ಟು ನೋಡಿ ಕಿಟ್ ಕಳಿಸಿದರೆ ಅದು ಕೂತರೂ ಕೂರಬಹುದು, ಕೂರದೆಯೂ ಇರಬಹುದು.

ಯಾಕೆ ಅಂದರೆ, ಮೇಲಿನ ಸ್ಟಿಕ್ಕರ್ ಪಂಪಿನ ಹೆಸರಲ್ಲ, ಮಾರಿದವರ ಹೆಸರು. ಈ ಮೂರು ಪ್ಲಂಜರಿನ ಪಂಪುಗಳ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಒಂದೇ ಬಾಡಿ ನಾಲ್ಕು ಹೆಸರಿನಲ್ಲಿ, ನಾಲ್ಕು ಬಣ್ಣದಲ್ಲಿ ಬರುವುದುಂಟು. ಹಾಗೇ ಒಂದೇ ಹೆಸರಿನವರು ಮೂರು ಅಳತೆಯ ಪಂಪು ಮಾರುವುದೂ ಉಂಟು. ಫೋಟೊ ಹಾಕಿ ಹುಡುಕಿದರೆ ಮೊಬೈಲು ನಿಮಗೆ ತೋರಿಸುವುದು ಬಣ್ಣ, ಆಕಾರ ಹೊಂದುವ ಪಂಪನ್ನು. ಅಳತೆ ಹೊಂದುತ್ತದೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ನಮಗೆ ಬೇಕಿರುವುದು ಅಳತೆ. ಅಂಗಡಿಯಲ್ಲಿ ನಾವು 22 ನಂಬರ್, 30 ನಂಬರ್ ಅಂತೀವಲ್ಲ, ಅದು ಸಾಮಾನ್ಯವಾಗಿ ಪ್ಲಂಜರಿನ ದಪ್ಪ, ಮಿಲಿಮೀಟರ್ ಲೆಕ್ಕದಲ್ಲಿ. ಪ್ಲಂಜರ್ ಅಂದರೆ ಒಳಗೆ ಹಿಂದೆ ಮುಂದೆ ಓಡಾಡುವ ದಂಟು. 22ರದ್ದು ಸಣ್ಣ ಪಂಪು, 30ರದ್ದು ದೊಡ್ಡದು. ಎದುರಿಗೆ ಅಕ್ಕಪಕ್ಕ ಇಟ್ಟರೆ ಮಕ್ಕಳೂ ಗುರುತಿಸುತ್ತಾರೆ. ಆದರೆ ಬೇರೆ ಬೇರೆ ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹತ್ತಿರದಿಂದ ತೆಗೆದ 22, ದೂರದಿಂದ ತೆಗೆದ 30, ಎರಡೂ ಪರದೆ ತುಂಬ ಅಷ್ಟೇ ದೊಡ್ಡದಾಗಿ ಕೂತಿರುತ್ತವೆ.

ತೀರ್ಥಹಳ್ಳಿ ಕಡೆಯ ಒಬ್ಬ ಬೆಳೆಗಾರರ ಪಂಪಿನ ಕತೆ ಹೇಳ್ತೀನಿ, ಆಗ ಸಲೀಸಾಗಿ ಅರ್ಥವಾಗುತ್ತದೆ. ಅವರೂ ಇಂಥದ್ದೇ ಫೋಟೊ ಕಳಿಸಿದ್ದರು. ಸ್ಟಿಕ್ಕರಿನಲ್ಲಿ ಕಂಪನಿ ಹೆಸರು ಅರ್ಧ ಉಳಿದಿತ್ತು, ಮಾಡೆಲ್ ಇದ್ದ ಜಾಗ ಔಷಧಿ ನೀರಿಗೆ ತೊಳೆದುಹೋಗಿತ್ತು. ಪಕ್ಕದ ತೋಟದವರ ಪಂಪೂ ಅದೇ ಹೆಸರಿನದು ಅಂತ ಅವರ ಹತ್ತಿರವಿದ್ದ ಹೊಸ ಪ್ಯಾಕಿಂಗ್, ಅಂದರೆ ನೀರು ಸೋರದ ಹಾಗೆ ಪ್ಲಂಜರಿನ ಸುತ್ತ ಕೂರುವ ರಿಂಗುಗಳನ್ನು, ತಂದು ನೋಡಿದ್ದರಂತೆ, ಪ್ಲಂಜರಿನ ಮೇಲೆ ಏರಲೇ ಇಲ್ಲ.

ನಾನು ಮೊದಲು ಕೇಳಿದ್ದು ಮಾಡೆಲ್ ಅಲ್ಲ. "ಗೌಡ್ರೇ, ನೀರು ಎಲ್ಲಿಂದ ಬೀಳ್ತಿದೆ? ಪಂಪು ಓಡ್ತಿರುವಾಗ ಅಷ್ಟು ಜಾಗದ್ದು ಒಂದು ವಿಡಿಯೊ ಕಳ್ಸಿ" ಅಂದೆ. ಯಾವ ಸಾಮಾನು ಹೋಗಿದೆ ಅಂತ ಗೊತ್ತಾಗದೆ ಯಾವುದನ್ನು ಅಳೆಯುವುದು ಹೇಳಿ? ಪ್ಲಂಜರ್ ಓಡಾಡುವ ಜಾಗದ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಪ್ಯಾಕಿಂಗ್ ಸವೆದಿದೆ. ಎಲ್ಲೂ ಸೋರುವುದಿಲ್ಲ, ಆದರೆ ಗೇಜಿನ ಮುಳ್ಳು ಜೋರಾಗಿ ಕುಣಿಯುತ್ತಿದೆ ಅಂದರೆ ಒಳಗಿನ ವಾಲ್ವಿನಲ್ಲಿ ಕಸ ಸಿಕ್ಕಿದೆ, ಇಲ್ಲವೇ ನೀರೆಳೆಯುವ ಪೈಪಿನಲ್ಲಿ ಗಾಳಿ ಹೋಗುತ್ತಿದೆ. ಇದಕ್ಕೆ ಕಿಟ್ ಬೇಕಾಗದೆಯೂ ಇರಬಹುದು, ಒಂದು ಕ್ಲಿಪ್ ಬಿಗಿ ಮಾಡಿದರೆ ಮುಗಿಯಿತು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಆಯಿಲ್ ಸೀಲ್ ದಾಟಿ ಒಳಗೆ ಹೋಗಿದೆ, ಪ್ಯಾಕಿಂಗ್ ಜೊತೆ ಸೀಲೂ ಬೇಕು. ಗೌಡರ ಪಂಪಿನಲ್ಲಿ ನಡುವಿನ ಪ್ಲಂಜರಿನ ಅಡಿಯಿಂದ ಧಾರೆಯೇ ಬೀಳುತ್ತಿತ್ತು. ಹಾಗಾದರೆ ಪ್ಯಾಕಿಂಗೇ.

ಎಂಜಿನ್ ನಿಲ್ಲಿಸಿ, ಗನ್ ತೆರೆದು ಪೈಪಿನಲ್ಲಿರುವ ಒತ್ತಡ ಪೂರ್ತಿ ಬಿಟ್ಟು, ಆಮೇಲೆ ಬಿಚ್ಚಿ ಅಂದೆ. ಒತ್ತಡ ಇರುವಾಗ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು, ಆ ನೀರಿನ ಏಟು ಕೆಟ್ಟದ್ದು. ಬಿಚ್ಚಿದ ಮೇಲೆ ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಪಂಪುಗಳಲ್ಲಿ ಪ್ಯಾಕಿಂಗ್ ಬಾಡಿಯಲ್ಲೇ ಕೂತಿರುತ್ತದೆ, ದಂಟು ಅದರೊಳಗೆ ಜಾರುತ್ತದೆ. ಇನ್ನು ಕೆಲವದರಲ್ಲಿ ವಾಷರ್ ದಂಟಿನ ತುದಿಗೇ ಕಟ್ಟಿಕೊಂಡು ಅದರ ಜೊತೆ ಓಡಾಡುತ್ತದೆ. ಮೊದಲನೆಯದಾದರೆ ಗೀರು ದಂಟಿನ ಮೇಲೆ ಬಿದ್ದಿರುತ್ತದೆ. ಎರಡನೆಯದಾದರೆ ಸಿಲಿಂಡರಿನ ಒಳಮೈ ಮೇಲೆ. ಎರಡಕ್ಕೂ ಕಿಟ್ ಬೇರೆ ಬೇರೆ. ಗೀರು ಎಲ್ಲಿದೆಯೋ ಅಲ್ಲಿಯ ಫೋಟೊ ಬಂದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ. ಗೌಡರದ್ದು ಮೊದಲನೆಯ ಥರ. ಅಂದರೆ ದಂಟಿನ ದಪ್ಪ ಗೊತ್ತಾಗಬೇಕು.

ಮನೆಯಲ್ಲಿ ವರ್ನಿಯರ್ ಇರಲಿಲ್ಲ. ಎಲ್ಲರ ಮನೆಯಲ್ಲೂ ಇರುವುದಿಲ್ಲ ಬಿಡಿ. "ಹತ್ತು ರೂಪಾಯಿ ನಾಣ್ಯ ಇದೆಯಾ?" ಅಂತ ಕೇಳಿದೆ. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಐದು ರೂಪಾಯಿಯದು ಒಂದೊಂದು ಕಾಲದ್ದು ಒಂದೊಂದು ಅಳತೆ, ಅದು ಬೇಡ. ಹತ್ತರ ನಾಣ್ಯವನ್ನು ಕೆಲವು ಅಂಗಡಿಯವರು ಈಗಲೂ ಮುಟ್ಟಲ್ಲ ಅಂತಾರೆ, ಈ ಕೆಲಸಕ್ಕಾದರೂ ಒಂದನ್ನು ಇಟ್ಟುಕೊಂಡಿರಿ.

ದಂಟನ್ನು ಒರೆಸಿ ಮೇಜಿನ ಮೇಲೆ ಮಲಗಿಸಬೇಕು. ಅದಕ್ಕೆ ತಾಗುವ ಹಾಗೆ ನಾಣ್ಯ ಇಡಬೇಕು. ನಾಣ್ಯದ ಕೆಳಗೆ ಒಂದು ಚೂರು ಮರದ ತುಂಡು ಕೊಟ್ಟು, ದಂಟಿನ ಅರ್ಧ ಎತ್ತರಕ್ಕೆ ಏರಿಸಿದರೆ ಒಳ್ಳೆಯದು. ಆಮೇಲೆ ಮೊಬೈಲನ್ನು ಹತ್ತಿರ ಒಯ್ಯಬೇಡಿ. ಮುಖ್ಯವಾದದ್ದೇ ಇದು. ಹತ್ತಿರ ಒಯ್ದರೆ ಕ್ಯಾಮೆರಾಕ್ಕೆ ಸಮೀಪ ಇರುವುದು ಊದಿಕೊಂಡು ಕಾಣುತ್ತದೆ, ಸ್ವಲ್ಪ ದೂರ ಇರುವುದು ಸೊರಗುತ್ತದೆ. ಎರಡು ಮೂರು ಅಡಿ ಎತ್ತರದಲ್ಲಿ ಹಿಡಿದು, ಜೂಮ್ ಮಾಡಿ, ನೇರ ಮೇಲಿನಿಂದ ತೆಗೆಯಿರಿ. ನೇರ ಇತ್ತೋ ಇಲ್ಲವೋ ಅಂತ ನಾಣ್ಯವೇ ಹೇಳುತ್ತದೆ. ಫೋಟೊದಲ್ಲಿ ಅದು ಪೂರ್ತಿ ದುಂಡಗೆ ಕಾಣಬೇಕು. ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಓರೆಯಾಗಿದೆ, ಇನ್ನೊಂದು ತೆಗೆಯಿರಿ.

ಗೌಡರ ಫೋಟೊವನ್ನು ನಾನು ಪರದೆಯ ಮೇಲೆ ದೊಡ್ಡದು ಮಾಡಿ ಸ್ಕೇಲ್ ಇಟ್ಟೆ. ನಾಣ್ಯ 36 ಮಿಲಿಮೀಟರ್ ಬಂತು, ದಂಟು 40. ನಾಣ್ಯದ ನಿಜವಾದ ಅಗಲ 27 ತಾನೇ? 40ನ್ನು 36ರಿಂದ ಭಾಗಿಸಿ 27ರಿಂದ ಗುಣಿಸಿದರೆ 30. ಅದು 30 ನಂಬರ್ ಪಂಪು. 22 ಆಗಿದ್ದರೆ ಅದೇ ಪರದೆಯಲ್ಲಿ ದಂಟು 29ರ ಆಸುಪಾಸು ಕಾಣುತ್ತಿತ್ತು. ಲೆಕ್ಕ ಬೇಡ ಅನ್ನುವವರು ಕಣ್ಣಲ್ಲೇ ನೋಡಬಹುದು. ದಂಟು ನಾಣ್ಯಕ್ಕಿಂತ ಅಗಲ ಇದ್ದರೆ 30ರ ಕಡೆ, ಸಣ್ಣ ಇದ್ದರೆ 22ರ ಕಡೆ. ನಡುವಿನ ಅಳತೆಯವೂ ಇವೆ, ಹಾಗಾಗಿ ಅನುಮಾನ ಬಂದರೆ ಸ್ಕೇಲ್ ಇಡಿ.

ಈ ಲೆಕ್ಕ ಎಷ್ಟರ ಮಟ್ಟಿಗೆ ನಂಬಬಹುದು? ಒಂದು ಮಿಲಿಮೀಟರ್ ಆಚೆ ಈಚೆ ಆಗೇ ಆಗುತ್ತದೆ. 22 ಯಾವುದು 30 ಯಾವುದು ಅಂತ ಬೇರೆ ಮಾಡಲು ಅಷ್ಟು ಸಾಕು. ಆದರೆ ಪ್ಯಾಕಿಂಗಿನ ಹೊರ ಅಳತೆ, ಒಂದರ ಮೇಲೊಂದು ಎಷ್ಟು ರಿಂಗ್ ಕೂರುತ್ತವೆ, ಒಟ್ಟು ಎತ್ತರ ಎಷ್ಟು, ಇದಕ್ಕೆ ಫೋಟೊ ಸಾಲದು. ಹಳೇ ಪ್ಯಾಕಿಂಗನ್ನು ಅಳೆದರೂ ಮೋಸ ಹೋಗುತ್ತೀರಿ, ಅದು ಉಬ್ಬಿರುತ್ತದೆ ಇಲ್ಲವೇ ಸವೆದಿರುತ್ತದೆ. ಅದು ಕೂತಿದ್ದ ಗುಂಡಿಯ ಅಗಲ, ಆಳ ಅಳೆಯಿರಿ. ರಿಂಗುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ವಿ ಆಕಾರದ ಬಾಯಿ ಯಾವ ಕಡೆ ತಿರುಗಿತ್ತು ಅನ್ನೋದೂ ಅದರಲ್ಲಿ ಕಾಣಲಿ. ನೀರಿನ ಒತ್ತಡ ಬರುವ ಕಡೆಗೆ ಆ ಬಾಯಿ ಇರಬೇಕು. ಹೊಸದನ್ನು ತಿರುಗಾ ಮುರುಗಾ ಹಾಕಿದರೆ ಸರಿಯಾದ ಸಾಮಾನೂ ಸೋರುತ್ತದೆ, ಬೈಗುಳ ಅಂಗಡಿಯವನಿಗೆ.

ಬೇರಿಂಗ್, ಆಯಿಲ್ ಸೀಲ್ ವಿಷಯದಲ್ಲಿ ಇಷ್ಟೆಲ್ಲ ಕಷ್ಟ ಇಲ್ಲ. ಅವುಗಳ ಮೈಮೇಲೇ ನಂಬರ್ ಇರುತ್ತದೆ. ಬೇರಿಂಗಿನ ಮೇಲೆ 6204 ಅಂತ ಇದ್ದರೆ ಒಳಗಿನ ಅಳತೆ 20, ಹೊರಗಿನದು 47, ದಪ್ಪ 14 ಮಿಲಿಮೀಟರ್. ಯಾವ ಕಂಪನಿಯದ್ದಾದರೂ ಅಷ್ಟೇ. ಪಂಪಿನ ಮಾಡೆಲ್ ಕಟ್ಟಿಕೊಂಡು ಏನು ಮಾಡ್ತೀರಿ? ಆ ನಂಬರಿನ ಫೋಟೊ ಸಾಕು. ಅಕ್ಷರ ಮಸುಕಾಗಿದ್ದರೆ ಫ್ಲಾಶ್ ಹಾಕಬೇಡಿ, ಬರೀ ಹೊಳಪೇ ಬರುತ್ತದೆ. ಟಾರ್ಚನ್ನು ಪಕ್ಕದಿಂದ, ತೀರಾ ಓರೆಯಾಗಿ ಹಿಡಿದರೆ ಕೊರೆದ ಅಕ್ಷರಕ್ಕೆ ನೆರಳು ಬಿದ್ದು ಎದ್ದು ಕಾಣುತ್ತದೆ. ಉಬ್ಬು ಅಕ್ಷರಕ್ಕಾದರೆ ಸೀಮೆಸುಣ್ಣ ಉಜ್ಜಿ ನೋಡಿ. ಬ್ಲೇಡ್ ಹಾಕಿ ಕೆರೆದರೆ ಇದ್ದದ್ದೂ ಹೋಗುತ್ತದೆ. ಇನ್ನೊಂದು, ವಾಟ್ಸಾಪು ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಸಣ್ಣ ಅಕ್ಷರ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಹಾಗಾಗುವುದಿಲ್ಲ.

ಇನ್ನು ನೀರಿನ ಪಂಪು. ಇಲ್ಲಿ ಪ್ಲೇಟ್ ಇರುತ್ತದೆ, ಜನ ಪ್ಲೇಟಿನ ಫೋಟೊವನ್ನೂ ಕಳಿಸುತ್ತಾರೆ. ಆದರೆ ಫೋನಿನಲ್ಲಿ ಓದಿ ಹೇಳುವಾಗ ತಪ್ಪು ನಂಬರ್ ಹೇಳುತ್ತಾರೆ. "ಮಾಡೆಲ್ ಐಎಸ್ 8034 ಅಂತ ಇದೆ ಅಣ್ಣಾ" ಅಂತಾರೆ. ಅದು ಮಾಡೆಲ್ ಅಲ್ಲ. ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಇರುವ ಭಾರತೀಯ ಮಾನಕದ ನಂಬರ್. ಮೋನೊಬ್ಲಾಕಿಗೆ 9079, ಬಾವಿಗೆ ಇಳಿಸುವ ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ 14220. ಈ ನಂಬರಿನಿಂದ ಯಾವ ಜಾತಿಯ ಪಂಪು ಅಂತ ಗೊತ್ತಾಗುತ್ತದೆ, ಅಷ್ಟೇ. ಸಿಎಂ ಎಲ್ ಅಂತ ಶುರುವಾಗುವುದು ಐಎಸ್ಐ ಮುದ್ರೆಯ ಲೈಸೆನ್ಸ್ ನಂಬರ್, ಅದೂ ಮಾಡೆಲ್ ಅಲ್ಲ. ಪಂಪ್ ಟೈಪ್ ಅಥವಾ ಮಾಡೆಲ್ ಅಂತ ಬರೆದ ಸಾಲು ಬೇರೆಯೇ ಇರುತ್ತದೆ, ಅದು ಬೇಕು. ಅದು ಅಳಿಸಿದ್ದರೆ ಎಚ್‌ಪಿ ಒಂದೇ ಹೇಳಿದರೆ ಸಾಲದು. ಐದು ಎಚ್‌ಪಿಯಲ್ಲೇ ಕಡಿಮೆ ಎತ್ತರಕ್ಕೆ ಜಾಸ್ತಿ ನೀರು ಕೊಡುವುದೂ ಇದೆ, ತುಂಬ ಎತ್ತರಕ್ಕೆ ಕಡಿಮೆ ನೀರು ಕೊಡುವುದೂ ಇದೆ. ಎರಡರ ಇಂಪೆಲ್ಲರ್ ಬೇರೆ. ಹಾಗಾಗಿ ಹೆಡ್, ಡಿಸ್ಚಾರ್ಜ್, ಪೈಪಿನ ಸೈಜು, ಸಬ್‌ಮರ್ಸಿಬಲ್ ಆದರೆ ಸ್ಟೇಜ್ ಎಷ್ಟು, ಇವಿಷ್ಟೂ ಫೋಟೊದಲ್ಲಿ ಓದುವ ಹಾಗೆ ಬರಲಿ.

ಬೋರಿನ ಪಂಪಿಗೆ ಇನ್ನೊಂದು ತೊಡಕಿದೆ. ಪ್ಲೇಟ್ ಓದಬೇಕಾದಾಗ ಅದು ನೂರಾರು ಅಡಿ ಕೆಳಗಿರುತ್ತದೆ. ರಿಪೇರಿಗೆ ಅಂತ ಮೇಲೆತ್ತಿದ ದಿನವೇ, ಮತ್ತೆ ಇಳಿಸುವ ಮುಂಚೆ, ಪಂಪಿನ ಪ್ಲೇಟು, ಮೋಟಾರಿನ ಪ್ಲೇಟು ಎರಡರದ್ದೂ ಫೋಟೊ ತೆಗೆದುಬಿಡಿ. ಪಂಪು ಒಬ್ಬರದು, ಮೋಟಾರು ಇನ್ನೊಬ್ಬರದು ಸೇರಿಸಿರುವುದು ನಮ್ಮ ಕಡೆ ಹೊಸದೇನಲ್ಲ. ಎಷ್ಟು ಪೈಪ್ ಇಳಿಸಿದರು ಅಂತ ಅದೇ ಫೋಟೊದ ಕೆಳಗೆ ಬರೆದು, ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.

ನಮಸ್ಕಾರ.